ಎಲ್‌ಡಿಎಲ್ ಹತೋಟಿಯಲ್ಲಿದ್ದರೂ ಉಳಿಯುವ ಅಪಾಯ: ಎಚ್‌ಎಸ್-ಸಿಆರ್‌ಪಿ ಪರೀಕ್ಷೆಯನ್ನು ಓದುವುದು ಹೇಗೆ?

(ಶಿವಮೊಗ್ಗದಲ್ಲಿ ನಿವೃತ್ತ ನೌಕರರ ಬಳಗವೊಂದರ ಮುಂದೆ ಆಡಿದ ಮಾತಿನ ಬರಹ ರೂಪ. ರೋಗಿಯ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೋದ ಮಳೆಗಾಲದಲ್ಲಿ ನನ್ನ ಕ್ಲಿನಿಕ್‌ಗೆ ಒಬ್ಬರು ಬಂದರು. ರಾಯರು ಅಂತ ಕರೆಯೋಣ. ವಯಸ್ಸು 61. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿಸಿಕೊಂಡವರು. ಮಾತ್ರೆ ವಿಷಯದಲ್ಲಿ ಬಹಳ ಶಿಸ್ತು. ರಾತ್ರಿ ಊಟ ಆದಮೇಲೆ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಜಾತಿಯ ಮಾತ್ರೆ ಅಟೋರ್ವಾಸ್ಟಾಟಿನ್ ನುಂಗದೆ ಮಲಗಿದ್ದೇ ಇಲ್ಲವಂತೆ. ಅದರ ಜೊತೆ ಕೊಲೆಸ್ಟರಾಲಿಗೇ ಕೊಡುವ ಇನ್ನೊಂದು ಮಾತ್ರೆ ಎಜೆಟಿಮೈಬ್ ಕೂಡ ಇತ್ತು. ಕೆಟ್ಟ ಕೊಲೆಸ್ಟರಾಲ್ ಅನ್ನುತ್ತೇವಲ್ಲ, ಆ ಎಲ್‌ಡಿಎಲ್ 58ಕ್ಕೆ ಇಳಿದಿತ್ತು. ಹಾರ್ಟ್ ಅಟ್ಯಾಕ್ ಆದವರಲ್ಲಿ 70ಕ್ಕಿಂತ ಕೆಳಗೆ, ಆದರೆ 55ರ ಹತ್ತಿರ ಇರಲಿ ಅಂತ ನಾವು ನೋಡುತ್ತೇವೆ. ಆ ಲೆಕ್ಕದಲ್ಲಿ ರಾಯರು ಪಾಸು.

ಆದರೆ ಅವತ್ತು ಅವರ ಮುಖ ಬಾಡಿತ್ತು. ಯಾವುದೋ ಹೆಲ್ತ್ ಪ್ಯಾಕೇಜ್ ಮಾಡಿಸಿದ್ದರು. ಮೂರನೇ ಪುಟದಲ್ಲಿ ಒಂದು ಸಾಲು ಕೆಂಪು ಅಕ್ಷರದಲ್ಲಿತ್ತು. ಎಚ್‌ಎಸ್-ಸಿಆರ್‌ಪಿ 14.2. ಮೈಯೊಳಗಿನ ಉರಿಯೂತ ಅಳೆಯುವ ರಕ್ತಪರೀಕ್ಷೆ ಅದು. ಪಕ್ಕದಲ್ಲಿ, ಹೃದಯದ ಅಪಾಯ ಅತಿ ಹೆಚ್ಚು ಅಂತ ಅಚ್ಚಾಗಿತ್ತು.

"ಡಾಕ್ಟ್ರೇ, ಕೊಲೆಸ್ಟರಾಲ್ ಇಷ್ಟು ಕಷ್ಟಪಟ್ಟು ಇಳಿಸಿದ್ದೇನೆ. ಈಗ ಇದ್ಯಾವುದು ಹೊಸದು? ಮೂರು ರಾತ್ರಿ ನಿದ್ದೆ ಬಂದಿಲ್ಲ" ಅಂದರು.

ಆ ಕೆಂಪು ಸಾಲು ಹೇಳಿದ್ದು ತಪ್ಪು. ಆದರೆ ರಾಯರು ಕೇಳಿದ ಪ್ರಶ್ನೆ ಸರಿ. ಈ ಎರಡೂ ಮಾತು ಒಟ್ಟಿಗೆ ಹೇಗೆ ನಿಜ ಅನ್ನುವುದನ್ನು ಬಿಡಿಸುವುದಕ್ಕೇ ಇವತ್ತಿನ ಮಾತು.

ಮೊದಲು ಪ್ರಶ್ನೆಯನ್ನೇ ತಗೊಳ್ಳೋಣ. ಎಲ್‌ಡಿಎಲ್ ಇಳಿಸಿದರೆ ಅಪಾಯ ಇಳಿಯುತ್ತದೆ. ಇದರಲ್ಲಿ ಅನುಮಾನವೇ ಬೇಡ. ಸ್ಟಾಟಿನ್ ಮೇಲೆ ನಡೆದ ದೊಡ್ಡ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಎಲ್‌ಡಿಎಲ್ ಸುಮಾರು 39 ಅಂಕ ಇಳಿದರೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥ ಘಟನೆಗಳು ಐದನೇ ಒಂದು ಭಾಗದಷ್ಟು ಕಡಿಮೆ ಆಗುತ್ತವೆ ಅಂತ ಗೊತ್ತಾಗಿದೆ. ದೊಡ್ಡ ಲಾಭವೇ. ಆದರೆ ಐದರಲ್ಲಿ ಒಂದು ಹೋದರೆ ನಾಲ್ಕು ಉಳಿದವಲ್ಲ? ಇನ್ನೂ ಇಳಿಸಿದರೆ ಇನ್ನಷ್ಟು ಹೋಗುತ್ತದೆ, ಸೊನ್ನೆಗಂತೂ ಹೋಗುವುದಿಲ್ಲ. ಉಳಿದದ್ದಕ್ಕೆ ಕಾರಣ ಹಲವು. ಸಕ್ಕರೆ ಕಾಯಿಲೆ, ಬಿಪಿ, ತಂಬಾಕು, ಟ್ರೈಗ್ಲಿಸರೈಡ್, ಅಪ್ಪ ಅಮ್ಮನಿಂದ ಬರುವ ಲೈಪೊಪ್ರೋಟೀನ್-ಎ. ಅದರಲ್ಲೊಂದು ಉರಿಯೂತ. ಇವತ್ತು ಅದೊಂದನ್ನೇ ಹಿಡಿಯೋಣ.

ಉರಿಯೂತ ಅಂದರೆ ನಿಮಗೆ ಮುಳ್ಳು ಚುಚ್ಚಿದ ಬೆರಳು ನೆನಪಿಗೆ ಬರಬಹುದು. ಕೆಂಪಗಾಗಿ, ಊದಿ, ಬಿಸಿಯಾಗಿ ನೋಯುತ್ತದೆ. ರಕ್ತನಾಳದ ಗೋಡೆಯಲ್ಲಿ ಆಗುವುದೂ ಅದರದ್ದೇ ಜಾತಿ, ಆದರೆ ನೋವಿಲ್ಲ, ಸದ್ದಿಲ್ಲ, ಹತ್ತಾರು ವರ್ಷ ನಡೆಯುತ್ತದೆ. ಎಲ್‌ಡಿಎಲ್ ಕಣ ಗೋಡೆಯೊಳಗೆ ನುಸುಳಿ ಸಿಕ್ಕಿಕೊಳ್ಳುತ್ತದೆ. ಅದನ್ನು ಗುಡಿಸಲು ಬಿಳಿ ರಕ್ತಕಣಗಳು ಬರುತ್ತವೆ. ತಿಂದು ತಿಂದು ಹೊಟ್ಟೆ ಬಿರಿದು ಅಲ್ಲೇ ಕೂರುತ್ತವೆ. ಕೊಲೆಸ್ಟರಾಲ್ ಹೆಚ್ಚಾದಾಗ ಅವುಗಳೊಳಗೆ ಕಲ್ಲುಸಕ್ಕರೆಯ ಹಾಗೆ ಹರಳುಗಟ್ಟುತ್ತದೆ. ಆ ಹರಳು ಚುಚ್ಚಿದಾಗ ಕಣಗಳು ಇಂಟರ್‌ಲ್ಯೂಕಿನ್-1 ಅನ್ನುವ ಸಂದೇಶ ಹೊರಡಿಸುತ್ತವೆ. ಅದು ಇಂಟರ್‌ಲ್ಯೂಕಿನ್-6 ಅನ್ನುವ ಇನ್ನೊಂದನ್ನು ಎಬ್ಬಿಸುತ್ತದೆ. ಇನ್ನಷ್ಟು ಬಿಳಿ ಕಣ ಬರುತ್ತವೆ. ಕೊಬ್ಬಿನ ಗುಡ್ಡೆಯ ಮೇಲಿರುವ ಗಟ್ಟಿ ಪೊರೆ ತೆಳುವಾಗುತ್ತ ಹೋಗುತ್ತದೆ. ಒಂದು ದಿನ ಅದು ಬಿರಿದು ಒಳಗಿನದ್ದು ರಕ್ತಕ್ಕೆ ತಾಗಿದರೆ ಅಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಬಹಳಷ್ಟು ಹಾರ್ಟ್ ಅಟ್ಯಾಕ್ ಆಗುವುದು ಹೀಗೆ.

ಇಂಟರ್‌ಲ್ಯೂಕಿನ್-6 ರಕ್ತದಲ್ಲಿ ಹರಿದು ಲಿವರ್‌ಗೆ ಹೋದಾಗ, ಲಿವರ್ ಒಂದು ಪ್ರೋಟೀನ್ ತಯಾರಿಸಿ ಬಿಡುತ್ತದೆ. ಅದೇ ಸಿ-ರಿಯಾಕ್ಟಿವ್ ಪ್ರೋಟೀನ್, ಸಿಆರ್‌ಪಿ. ಇದನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಅನ್ನುವ ಇಬ್ಬರು ಕಂಡುಹಿಡಿದರು. ಅವರು ಹೃದಯದ ಬಗ್ಗೆ ಯೋಚಿಸಿಯೇ ಇರಲಿಲ್ಲ. ನ್ಯುಮೋನಿಯಾ ರೋಗಿಗಳ ರಕ್ತದ ತಿಳಿಯಲ್ಲಿರುವ ಏನೋ ಒಂದು, ನ್ಯುಮೋನಿಯಾ ಬ್ಯಾಕ್ಟೀರಿಯಾದ ಸಿ ಅನ್ನುವ ಅಂಶಕ್ಕೆ ಅಂಟಿಕೊಳ್ಳುತ್ತಿತ್ತು. ಹಾಗಾಗಿ ಆ ಹೆಸರು ಬಂತು. ಸೋಂಕು ಬಂದರೆ ಸಿಆರ್‌ಪಿ ಆರೆಂಟು ಗಂಟೆಯಲ್ಲೇ ಏರಲು ಶುರುವಾಗುತ್ತದೆ, ಎರಡು ದಿನದಲ್ಲಿ ತುದಿ ಮುಟ್ಟುತ್ತದೆ. ಜೋರಾದ ಸೋಂಕಿನಲ್ಲಿ ಸಾವಿರ ಪಟ್ಟು ಏರುವುದೂ ಉಂಟು. ಕಾರಣ ಹೋದಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧ ಅರ್ಧ ಇಳಿಯುತ್ತದೆ.

ನಾನು ಇದನ್ನು ಮನೆಯ ನಾಯಿಗೆ ಹೋಲಿಸುತ್ತೇನೆ. ರಾತ್ರಿ ನಾಯಿ ಬೊಗಳಿದರೆ ಹೊರಗೆ ಏನೋ ಇದೆ ಅಂತ ಗೊತ್ತಾಗುತ್ತದೆ. ಕಳ್ಳನೋ, ಬೆಕ್ಕೋ, ತೋಟಕ್ಕೆ ಬಂದ ಹಂದಿಯೋ ಅದು ಹೇಳುವುದಿಲ್ಲ. ಸಿಆರ್‌ಪಿಯೂ ಅಷ್ಟೇ. ನೆಗಡಿಗೂ ಬೊಗಳುತ್ತದೆ, ಡೆಂಗಿಗೂ ಬೊಗಳುತ್ತದೆ, ಮಂಡಿ ಕೀಲಿಗೂ, ವಸಡಿಗೂ, ಸೊಂಟದ ಸುತ್ತ ಕೂತ ಕೊಬ್ಬಿಗೂ ಬೊಗಳುತ್ತದೆ. ರಕ್ತನಾಳದ ಗೋಡೆಯ ಸಣ್ಣ ಬೇಗೆಗೆ ಬರೀ ಗುರ್ ಅನ್ನುತ್ತದೆ. ಆ ಗುರ್ ಅನ್ನುವ ಸದ್ದು ಕೇಳಿಸಿಕೊಳ್ಳುವುದಕ್ಕೇ ಎಚ್‌ಎಸ್ ಪರೀಕ್ಷೆ ಇರುವುದು.

ಎಚ್‌ಎಸ್ ಅಂದರೆ ಹೈ ಸೆನ್ಸಿಟಿವಿಟಿ. ಇದು ಬೇರೆ ಪ್ರೋಟೀನ್ ಅಲ್ಲ. ಅದೇ ಸಿಆರ್‌ಪಿಯನ್ನು ಸೂಕ್ಷ್ಮವಾಗಿ ಅಳೆಯುವುದು ಅಷ್ಟೇ. ನಮ್ಮೂರಿನವರಿಗೆ ಸುಲಭವಾಗಿ ಹೇಳಬೇಕೆಂದರೆ, ಅಡಿಕೆ ಮಂಡಿಯಲ್ಲಿ ಮೂಟೆ ತೂಗುವ ಯಂತ್ರದ ಮೇಲೆ ಮೂಗುಬೊಟ್ಟು ಇಟ್ಟರೆ ಮುಳ್ಳು ಅಲ್ಲಾಡುವುದಿಲ್ಲ. ಮೂಗುಬೊಟ್ಟಿಗೆ ತೂಕವೇ ಇಲ್ಲ ಅಂತ ಅರ್ಥ ಅಲ್ಲವಲ್ಲ? ಅದಕ್ಕೆ ಅಕ್ಕಸಾಲಿಗರ ತಕ್ಕಡಿ ಬೇಕು. ಜ್ವರ ಬಂದಾಗ ಮಾಡಿಸುವ ಮಾಮೂಲಿ ಸಿಆರ್‌ಪಿ ಮೂಟೆ ತೂಗುವ ಯಂತ್ರ. ಎಷ್ಟೋ ಕಡೆ ಅದು ಲೀಟರಿಗೆ 5 ಅಥವಾ 6 ಮಿಲಿಗ್ರಾಂ ದಾಟಿದರೆ ಮಾತ್ರ ಬಾಯಿ ಬಿಡುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್ ಅಂತ ಬರೆದುಕೊಡುತ್ತಾರೆ. ಆದರೆ ಹೃದಯದ ಲೆಕ್ಕದ ಗೆರೆಗಳೆಲ್ಲ ಇರುವುದು ಆ 5ರ ಕೆಳಗೇ. ಆದ್ದರಿಂದ ಯಾರಾದರೂ "ನನ್ನ ಸಿಆರ್‌ಪಿ ನೆಗೆಟಿವ್ ಡಾಕ್ಟ್ರೇ, ಹೃದಯ ಚೆನ್ನಾಗಿದೆ" ಅಂದರೆ, ಅವರು ಮೂಗುಬೊಟ್ಟನ್ನು ಮಂಡಿಯಲ್ಲಿ ತೂಗಿಸಿಕೊಂಡು ಬಂದಿದ್ದಾರೆ ಅಂತ ಅರ್ಥ.

ಸೂಕ್ಷ್ಮ ಪರೀಕ್ಷೆಯಲ್ಲಿ ಬಹಳ ಸಣ್ಣ ಮಣಿಗಳ ಮೇಲೆ ಸಿಆರ್‌ಪಿಯನ್ನು ಹಿಡಿಯುವ ಪ್ರತಿಕಾಯ ಹಚ್ಚಿರುತ್ತಾರೆ. ರಕ್ತದ ತಿಳಿಯಲ್ಲಿ ಅದನ್ನು ಬೆರೆಸಿದಾಗ ಮಣಿಗಳು ಒಂದಕ್ಕೊಂದು ಅಂಟಿಕೊಂಡು ದ್ರವ ಕದಡುತ್ತದೆ. ಯಂತ್ರ ಅದರ ಮೂಲಕ ಬೆಳಕು ಹಾಯಿಸಿ ಎಷ್ಟು ಕದಡಿದೆ ಅಂತ ಅಳೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ಬೆಳಗ್ಗೆಯೇ ಆಗಬೇಕು ಅಂತಲೂ ಇಲ್ಲ.

ಇನ್ನು ಅಂಕಿ. ಅಮೆರಿಕದ ಹೃದಯ ತಜ್ಞರು ಮತ್ತು ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸೇರಿ 2003ರಲ್ಲಿ ಒಂದು ಗೆರೆ ಎಳೆದರು. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ರ ಮೇಲೆ ಜಾಸ್ತಿ. ಆಮೇಲೆ ನಡೆದ ದೊಡ್ಡ ಅಧ್ಯಯನಗಳು 2 ಅನ್ನುವ ಒಂದೇ ಗೆರೆ ಇಟ್ಟುಕೊಂಡವು. 2018ರ ಅಮೆರಿಕದ ಕೊಲೆಸ್ಟರಾಲ್ ಮಾರ್ಗಸೂಚಿಯಲ್ಲೂ 2 ಮತ್ತು ಅದಕ್ಕಿಂತ ಮೇಲೆ ಅಂದರೆ ಅಪಾಯ ಹೆಚ್ಚಿಸುವ ಅಂಶ ಅಂತಲೇ ಇದೆ. ನೀವು ನೆನಪಿಟ್ಟುಕೊಳ್ಳುವುದಾದರೆ ಆ 2 ಸಾಕು.

2003ರ ಆ ಕಾಗದದಲ್ಲೇ ಇನ್ನೊಂದು ಮಾತೂ ಇತ್ತು. ಪ್ಯಾಕೇಜ್ ಮಾರುವವರು ಅದನ್ನು ಓದಿಯೇ ಇಲ್ಲವೇನೋ ಅಂತ ನನಗೆ ಅನುಮಾನ. ಒಂದೇ ಸಲ ಅಳೆದು ತೀರ್ಮಾನ ಮಾಡಬೇಡಿ, ಎರಡು ವಾರ ಬಿಟ್ಟು ಇನ್ನೊಮ್ಮೆ ಅಳೆಯಿರಿ ಅಂತ. ಮತ್ತೆ, 10ಕ್ಕಿಂತ ಜಾಸ್ತಿ ಬಂದರೆ ಅದನ್ನು ಹೃದಯದ ಲೆಕ್ಕಕ್ಕೆ ಹಾಕಬೇಡಿ, ಸೋಂಕೋ ಬೇರೆ ಉರಿಯೂತವೋ ಇದೆಯಾ ಹುಡುಕಿ, ಅದು ವಾಸಿಯಾದಮೇಲೆ ಮತ್ತೆ ಮಾಡಿ ಅಂತ. ನಾಯಿ ಒಂದು ರಾತ್ರಿ ಬೊಗಳಿದರೆ ಬೆಕ್ಕಿರಬಹುದು. ದಿನಾ ರಾತ್ರಿ ಬೊಗಳಿದರೆ ಟಾರ್ಚ್ ಹಿಡಿದು ಹೊರಗೆ ಹೋಗಬೇಕು.

ರಾಯರ 14.2 ನೋಡಿದ ಕೂಡಲೇ ನಾನು ಕೇಳಿದ್ದು ಇಷ್ಟೇ: "ಇತ್ತೀಚೆಗೆ ಜ್ವರ ಬಂದಿತ್ತಾ?"

ಅವರು ಇಲ್ಲ ಅಂದರು. ಪಕ್ಕದಲ್ಲಿ ಕೂತಿದ್ದ ಅವರ ಮನೆಯವರು, "ಇಲ್ಲ ಅಂತೀರಲ್ಲ, ರಕ್ತ ಕೊಡೋಕೆ ಹತ್ತು ದಿನ ಮುಂಚೆ ಮೈಕೈ ನೋವು ಅಂತ ಮೂರು ದಿನ ಮಲಗಿದ್ದು ಯಾರು?" ಅಂದರು. ಮನೆಯವರನ್ನು ಜೊತೆಗೆ ಕರೆದುಕೊಂಡು ಬನ್ನಿ ಅಂತ ನಾನು ಸುಮ್ನೆ ಹೇಳುವುದಲ್ಲ.

ಮೂರು ವಾರ ಬಿಟ್ಟು ಮತ್ತೆ ಮಾಡಿಸಲು ಹೇಳಿದೆ. ಆ ಮೂರು ವಾರದಲ್ಲಿ ನೆಗಡಿ, ಜ್ವರ, ಹಲ್ಲು ಕೀಳಿಸುವುದು, ಲಸಿಕೆ, ಬಿದ್ದು ಪೆಟ್ಟು ಮಾಡಿಕೊಳ್ಳುವುದು ಯಾವುದಾದರೂ ಆದರೆ ಇನ್ನೂ ಮುಂದಕ್ಕೆ ಹಾಕಿ ಅಂದೆ. ಹಾರ್ಟ್ ಅಟ್ಯಾಕ್ ಆದ ಹೊಸದರಲ್ಲೂ ಇದನ್ನು ಮಾಡಿಸಿ ಪ್ರಯೋಜನ ಇಲ್ಲ. ಹೃದಯದ ಮಾಂಸಕ್ಕೆ ಪೆಟ್ಟಾದಾಗ ಸಿಆರ್‌ಪಿ ಹೇಗೂ ಏರುತ್ತದೆ. ಕನಿಷ್ಠ ಒಂದು ತಿಂಗಳಾದರೂ ಬಿಡಬೇಕು.

ಎರಡನೇ ವರದಿ 4.6 ಬಂತು. ಮತ್ತೆ ಎರಡು ವಾರಕ್ಕೆ ಮೂರನೆಯದು. ಈ ಸಲ ಬೇರೆ ಲ್ಯಾಬ್. ರಾಯರು ಬಾಗಿಲಲ್ಲೇ ನಗುತ್ತ ಕಾಗದ ಮುಂದೆ ಹಿಡಿದರು. "0.43! ಪೂರ್ತಿ ಇಳಿದುಬಿಟ್ಟಿತು ಡಾಕ್ಟ್ರೇ."

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮೊದಲನೇ ಲ್ಯಾಬಿನ ವರದಿಯಲ್ಲಿ ಅಂಕಿಯ ಪಕ್ಕ mg/L ಅಂತ ಇತ್ತು. ಅಂದರೆ ಒಂದು ಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ. ಹೊಸ ಲ್ಯಾಬಿನದ್ದರಲ್ಲಿ mg/dL ಅಂತ ಇತ್ತು. ಅದು ಲೀಟರಿನ ಹತ್ತನೇ ಒಂದು ಭಾಗದಲ್ಲಿ ಎಷ್ಟು ಅಂತ. ಹಾಗಾಗಿ 0.43 ಅನ್ನು ಹತ್ತರಿಂದ ಗುಣಿಸಬೇಕು. 4.3 ಆಯಿತು. ಏನೂ ಇಳಿದಿರಲಿಲ್ಲ. 4.6 ಮತ್ತು 4.3 ಎರಡೂ ಒಂದೇ ಅಂತ ಇಟ್ಟುಕೊಳ್ಳಿ, ಯಾಕೆಂದರೆ ಈ ಪ್ರೋಟೀನ್ ಏನೂ ಕಾರಣ ಇಲ್ಲದೆಯೂ ಒಬ್ಬರಲ್ಲೇ ವಾರದಿಂದ ವಾರಕ್ಕೆ ಅಷ್ಟಿಷ್ಟು ಆಡುತ್ತದೆ. 2.3 ಇದ್ದದ್ದು 1.9 ಆಯಿತು ಅಂತ ಸಿಹಿ ಹಂಚುವುದೂ ಬೇಡ, 1.9 ಇದ್ದದ್ದು 2.3 ಆಯಿತು ಅಂತ ಅಳುವುದೂ ಬೇಡ. ನಾನೇ ಒಂದು ಸಲ ಈ ಎರಡು ಅಳತೆಯಲ್ಲಿ ಎಡವಿ, ಒಬ್ಬ ಅಮ್ಮನಿಗೆ ಎಲ್ಲ ಸರಿ ಇದೆ ಅಂತ ಹೇಳಿ ಕಳಿಸಿ, ಸಂಜೆ ಫೋನ್ ಮಾಡಿ ವಾಪಸ್ ಕರೆದಿದ್ದೇನೆ. ಅಂದಿನಿಂದ ಅಂಕಿಗಿಂತ ಮುಂಚೆ ಪಕ್ಕದ ಅಕ್ಷರ ಓದುತ್ತೇನೆ.

ಅಂತೂ ರಾಯರದ್ದು ಸ್ಪಷ್ಟವಾಯಿತು. ಜ್ವರದ ಗದ್ದಲ ಕಳೆದಮೇಲೂ, ಎಲ್‌ಡಿಎಲ್ 58 ಇದ್ದರೂ, ಎರಡು ಸಲ 2ರ ಎರಡು ಪಟ್ಟು. ಇದಕ್ಕೆ ಏನಾದರೂ ಬೆಲೆ ಇದೆಯಾ?

ಇದೆ. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪಾಲ್ ರಿಡ್ಕರ್ ಮತ್ತು ಸಂಗಡಿಗರು ಮೂರು ದೊಡ್ಡ ಅಧ್ಯಯನಗಳ ಲೆಕ್ಕ ಒಟ್ಟಿಗೆ ಹಾಕಿದರು. ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದ 31,245 ಜನ. ಸಿಆರ್‌ಪಿ ಪ್ರಕಾರ ಅವರನ್ನು ನಾಲ್ಕು ಪಾಲು ಮಾಡಿದರು. ಎಲ್ಲಕ್ಕಿಂತ ಮೇಲಿನ ಪಾಲಿನವರು ಹೃದಯದ ಕಾಯಿಲೆಯಿಂದ ಸಾಯುವ ಅಪಾಯ, ಕೆಳಗಿನ ಪಾಲಿನವರಿಗಿಂತ ಸುಮಾರು 2.7 ಪಟ್ಟು. ಎಲ್‌ಡಿಎಲ್ ಪ್ರಕಾರ ಅದೇ ಥರ ಪಾಲು ಮಾಡಿದಾಗ ವ್ಯತ್ಯಾಸ ಸುಮಾರು 1.3 ಪಟ್ಟು ಮಾತ್ರ.

ಇದನ್ನು ಕೇಳಿ ಕೆಲವರು, "ಹಾಗಾದರೆ ಎಲ್‌ಡಿಎಲ್ ಮುಖ್ಯ ಅಲ್ಲ" ಅಂತ ವಾಟ್ಸಾಪಿನಲ್ಲಿ ಹಾಕಿದ್ದರು. ಅದು ಸರಿಯಲ್ಲ. ಆ ಜನರೆಲ್ಲ ಆಗಲೇ ಸ್ಟಾಟಿನ್ ಮೇಲೆ ಇದ್ದರು. ಎಲ್‌ಡಿಎಲ್ ಎಲ್ಲರದ್ದೂ ಒಂದು ಮಟ್ಟಕ್ಕೆ ಇಳಿದಿತ್ತು. ಅಲ್ಲಿ ಉಳಿದ ಅಪಾಯದಲ್ಲಿ ಯಾರದ್ದು ಜಾಸ್ತಿ ಅಂತ ವಿಂಗಡಿಸಲು ಸಿಆರ್‌ಪಿ ಹೆಚ್ಚು ಸಹಾಯ ಮಾಡಿತು ಅಂತ ಮಾತ್ರ ಅರ್ಥ. ಕೆರೆಗೆ ಏರಿ ಕಟ್ಟಿದಮೇಲೆ ನೀರು ಸೋರುವ ತೂಬು ಹುಡುಕುತ್ತೇವೆ. ಹಾಗಂತ ಏರಿ ಕಿತ್ತುಹಾಕುತ್ತೇವಾ?

ಸಿಆರ್‌ಪಿ ಜಾಸ್ತಿ ಇದ್ದವರಿಗೆ ಅಪಾಯ ಜಾಸ್ತಿ ಅಂದಮಾತ್ರಕ್ಕೆ ಉರಿಯೂತವೇ ಕಾರಣ ಅಂತ ಹೇಗೆ ಹೇಳುವುದು? ದಪ್ಪಗಿರುವವರಲ್ಲಿ ಎರಡೂ ಜಾಸ್ತಿ ಇರಬಹುದಲ್ಲ? ಈ ಅನುಮಾನ ಬಹಳ ವರ್ಷ ಇತ್ತು. ಅದಕ್ಕೆ ಉತ್ತರ ಕೊಟ್ಟಿದ್ದು 2017ರ ಕ್ಯಾಂಟೋಸ್ ಅಧ್ಯಯನ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಚೆಂದದ ಪ್ರಯೋಗ ಅದು.

ಹಾರ್ಟ್ ಅಟ್ಯಾಕ್ ಆಗಿ, ಸಿಆರ್‌ಪಿ 2 ಅಥವಾ ಅದಕ್ಕಿಂತ ಮೇಲೆ ಇದ್ದ 10,061 ಜನರನ್ನು ತಗೊಂಡರು. ಕೆಲವರಿಗೆ ಮೂರು ತಿಂಗಳಿಗೊಮ್ಮೆ ಕ್ಯಾನಕಿನುಮ್ಯಾಬ್ ಅನ್ನುವ ಚುಚ್ಚುಮದ್ದು. ಆಗ ಹೇಳಿದೆನಲ್ಲ, ಹರಳು ಚುಚ್ಚಿದಾಗ ಹೊರಡುವ ಇಂಟರ್‌ಲ್ಯೂಕಿನ್-1, ಅದರಲ್ಲಿ ಬೀಟಾ ಅನ್ನುವ ಬಗೆಯನ್ನು ಇದು ಹಿಡಿದು ನಿಲ್ಲಿಸುತ್ತದೆ. ಈ ಮದ್ದು ಎಲ್‌ಡಿಎಲ್ ಅನ್ನು ಮುಟ್ಟುವುದಿಲ್ಲ. ಆದರೂ 150 ಮಿಲಿಗ್ರಾಂ ತಗೊಂಡವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಒಟ್ಟಿಗೆ ಶೇಕಡ 15ರಷ್ಟು ಕಡಿಮೆಯಾದವು. ಕೊಲೆಸ್ಟರಾಲ್ ಅಲ್ಲಾಡದೆ, ಬರೀ ಉರಿಯೂತ ತಗ್ಗಿಸಿ ಅಪಾಯ ಇಳಿಸಿದ್ದು ಅಲ್ಲಿ ಸಾಬೀತಾಯಿತು.

ಆದರೂ ಈ ಚುಚ್ಚುಮದ್ದನ್ನು ನಾನು ರಾಯರಿಗೆ ಬರೆಯಲಿಲ್ಲ, ಬರೆಯುವ ಹಾಗೂ ಇಲ್ಲ. ಸೋಂಕು ತಡೆಯುವ ಕಾವಲನ್ನೇ ಅದು ಸಡಿಲ ಮಾಡುತ್ತದೆ. ಮದ್ದು ತಗೊಂಡವರಲ್ಲಿ ಸೋಂಕಿನಿಂದ ಸತ್ತವರು ಜಾಸ್ತಿ ಆದರು. ಒಟ್ಟು ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸ ಆಗಲಿಲ್ಲ. ಬೆಲೆಯೂ ಮುಟ್ಟುವ ಹಾಗಿಲ್ಲ. ಹೃದಯಕ್ಕೆ ಅಂತ ಅದಕ್ಕೆ ಅನುಮತಿ ಸಿಗಲಿಲ್ಲ.

ಇದರ ಹಿಂದೆಯೇ ಇನ್ನೊಂದು ಅಧ್ಯಯನ ಬಂತು. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಅಗ್ಗದ ಮಾತ್ರೆ, ಅದೂ ಉರಿಯೂತ ತಗ್ಗಿಸುತ್ತದೆ, ಹೃದಯಕ್ಕೂ ಆಗಬಹುದು ಅಂತ ಸುಮಾರು 4,800 ಜನರಲ್ಲಿ ನೋಡಿದರು. ಏನೂ ಪ್ರಯೋಜನ ಆಗಲಿಲ್ಲ. ಸಿಆರ್‌ಪಿಯೂ ಇಳಿಯಲಿಲ್ಲ. ಅಂದರೆ ಉರಿಯೂತ ಅನ್ನುವುದು ಒಂದೇ ದಾರಿ ಅಲ್ಲ. ಯಾವ ದಾರಿಯಲ್ಲಿ ತಡೆಯುತ್ತೀರಿ ಅನ್ನುವುದು ಮುಖ್ಯ. ಉರಿಯೂತಕ್ಕೆ ಒಳ್ಳೆಯದು ಅಂತ ಡಬ್ಬಿ ಮೇಲೆ ಬರೆದದ್ದೆಲ್ಲ ಹೃದಯಕ್ಕೆ ಒಳ್ಳೆಯದಾಗುವುದಿಲ್ಲ. ನೋವಿನ ಮಾತ್ರೆಗಳನ್ನೇ ನೋಡಿ. ಡೈಕ್ಲೋಫೆನಾಕ್ ಉರಿಯೂತ ಇಳಿಸುತ್ತದೆ, ಹಾರ್ಟ್ ಅಟ್ಯಾಕ್ ಅಪಾಯ ಏರಿಸುತ್ತದೆ.

ಇನ್ನೊಂದು ಸಣ್ಣ ಎಚ್ಚರಿಕೆ. ಸಿಆರ್‌ಪಿಯೇ ಕಳ್ಳ ಅಲ್ಲ. ಹುಟ್ಟಿನಿಂದಲೇ ಸಿಆರ್‌ಪಿ ಸ್ವಲ್ಪ ಜಾಸ್ತಿ ಇರುವಂಥ ಜೀನ್ ಕೆಲವರಲ್ಲಿ ಇರುತ್ತದೆ. ಅವರಲ್ಲಿ ಹೃದಯದ ಕಾಯಿಲೆ ಅದರಿಂದ ಜಾಸ್ತಿ ಆಗುವುದು ಕಂಡಿಲ್ಲ. ನಾಯಿಯ ಬಾಯಿ ಕಟ್ಟಿದರೆ ಕಳ್ಳ ಓಡಿಹೋಗುವುದಿಲ್ಲ. ಅಂಕಿ ಇಳಿಸುವುದಕ್ಕೆ ಅಂತಲೇ ಔಷಧಿ ಹುಡುಕುವವರು ಇದನ್ನು ಮರೆಯಬಾರದು.

ಸರಿ, ಟಾರ್ಚ್ ಹಿಡಿದು ರಾಯರ ಮೈಯ ಸುತ್ತ ಒಂದು ಸುತ್ತು ಹೋದೆವು.

ಮೊದಲು ಬಾಯಿ ತೆರೆಸಿದೆ. ವಸಡು ಕೆಂಪಗೆ ಊದಿತ್ತು, ಎರಡು ಹಲ್ಲು ಅಲ್ಲಾಡುತ್ತಿದ್ದವು. ಬ್ರಶ್ ಮಾಡುವಾಗ ರಕ್ತ ಬರುತ್ತದಾ ಅಂದರೆ, "ಅದು ಎಲ್ಲರಿಗೂ ಬರುತ್ತಲ್ವಾ?" ಅಂದರು. ದಂತವೈದ್ಯರ ಹತ್ತಿರ ಹೋಗಿ ಆರು ವರ್ಷ ಆಗಿತ್ತು. ಕೆನ್ನೆ ಒಳಗೆ ಕಂದು ಬಣ್ಣ. ಊಟ ಆದಮೇಲೆ ಎಲೆ ಅಡಿಕೆ, ಜೊತೆಗೆ ಚಿಟಿಕೆ ಹೊಗೆಸೊಪ್ಪು. ಸಿಗರೇಟು ಬಿಟ್ಟೆ ಅಂತ ಹೇಳಿದ್ದರು, ಹೊಗೆಸೊಪ್ಪು ತಂಬಾಕು ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ. ಸೊಂಟದ ಅಳತೆ 101 ಸೆಂಟಿಮೀಟರ್. ಹೊಟ್ಟೆಯ ಕೊಬ್ಬು ಸುಮ್ಮನೆ ಕೂರುವ ಮೂಟೆ ಅಲ್ಲ, ಅದು ತಾನೇ ಇಂಟರ್‌ಲ್ಯೂಕಿನ್-6 ತಯಾರಿಸುತ್ತದೆ. ಮೂರು ತಿಂಗಳ ಸಕ್ಕರೆಯ ಸರಾಸರಿ 7.6. ಕೀಲುಗಳಲ್ಲಿ ಊತ ಇಲ್ಲ, ಬೆಳಗಿನ ಬಿಗಿತ ಇಲ್ಲ, ಹಳೇ ಕೆಮ್ಮಿಲ್ಲ. ಅಂದರೆ ಸಂಧಿವಾತ, ಕ್ಷಯದಂಥ ದೊಡ್ಡ ಕಾರಣದ ಸುಳಿವು ಇಲ್ಲ. ಲೈಪೊಪ್ರೋಟೀನ್-ಎ ಒಂದು ಸಲ ಮಾಡಿಸಿದೆವು, ಸರಿ ಇತ್ತು.

ಸ್ಟಾಟಿನ್ ಬಗ್ಗೆಯೂ ಯೋಚಿಸಿದೆವು. ಸ್ಟಾಟಿನ್‌ಗಳು ಎಲ್‌ಡಿಎಲ್ ಜೊತೆ ಸಿಆರ್‌ಪಿಯನ್ನೂ ಇಳಿಸುತ್ತವೆ. 2008ರ ಜುಪಿಟರ್ ಅಧ್ಯಯನದಲ್ಲಿ, ಎಲ್‌ಡಿಎಲ್ 130ಕ್ಕಿಂತ ಕಡಿಮೆ ಆದರೆ ಸಿಆರ್‌ಪಿ 2 ಮುಟ್ಟಿದ್ದ ಜನರಿಗೆ ರೋಸುವಾಸ್ಟಾಟಿನ್ 20 ಕೊಟ್ಟಾಗ ಸಿಆರ್‌ಪಿ ಶೇಕಡ 37 ಇಳಿದಿತ್ತು, ಹೃದಯದ ಘಟನೆಗಳು ಶೇಕಡ 44 ಕಡಿಮೆ ಆಗಿದ್ದವು. ಎಜೆಟಿಮೈಬ್ ಒಂದನ್ನೇ ಕೊಟ್ಟರೆ ಸಿಆರ್‌ಪಿ ಮೇಲೆ ಹೆಚ್ಚೇನೂ ಆಗುವುದಿಲ್ಲ. ಈಗ ಬಂದಿರುವ ದುಬಾರಿ ಪಿಸಿಎಸ್‌ಕೆ9 ಚುಚ್ಚುಮದ್ದುಗಳು ಎಲ್‌ಡಿಎಲ್ ಅನ್ನು ಪಾತಾಳಕ್ಕೆ ಇಳಿಸಿದರೂ ಸಿಆರ್‌ಪಿಯನ್ನು ಮುಟ್ಟುವುದಿಲ್ಲ. ಎಲ್‌ಡಿಎಲ್ ಇಷ್ಟು ಕಡಿಮೆ ಇದ್ದೂ ಉರಿಯೂತ ಉಳಿಯುವುದು ಹೇಗೆ ಅಂತ ನೀವು ಕೇಳಬಹುದು, ಒಂದು ಕಾರಣ ಇದು. ರಾಯರಿಗೆ ಅಟೋರ್ವಾಸ್ಟಾಟಿನ್ 20 ಇತ್ತು, 40 ಮಾಡಿದೆ.

ಆಮೇಲೆ ಕೋಲ್ಚಿಸಿನ್ ಮಾತು. ಗೌಟ್ ಅನ್ನುವ ಕೀಲುನೋವಿಗೆ ಕೊಡುವ ಹಳೆಯ ಮಾತ್ರೆ. ನಮ್ಮ ಬೇಲಿಯಲ್ಲಿ ಮಳೆಗಾಲಕ್ಕೆ ಬೆಂಕಿಯ ಹಾಗೆ ಅರಳುತ್ತದಲ್ಲ ಗೌರಿ ಹೂ, ಅದರ ಗಡ್ಡೆ ಬೀಜದಲ್ಲೂ ಇದೇ ಕೋಲ್ಚಿಸಿನ್ ಇದೆ. ದಯವಿಟ್ಟು ಯಾರೂ ಅದನ್ನು ಅರೆದು ಕುಡಿಯಬೇಡಿ. ಗೆಣಸು ಅಂತ ಆ ಗಡ್ಡೆ ತಿಂದು ಜೀವ ಕಳೆದುಕೊಂಡವರಿದ್ದಾರೆ. ಮಾತ್ರೆಯ ಪ್ರಮಾಣ ಅರ್ಧ ಮಿಲಿಗ್ರಾಂ, ಅದರಾಚೆ ವಿಷವಾಗಲು ದೂರ ಇಲ್ಲ.

2019 ಮತ್ತು 2020ರ ಎರಡು ಅಧ್ಯಯನಗಳಲ್ಲಿ ದಿನಕ್ಕೆ 0.5 ಮಿಲಿಗ್ರಾಂ ಕೋಲ್ಚಿಸಿನ್ ಹೃದಯದ ಘಟನೆಗಳನ್ನು ಶೇಕಡ 23 ಮತ್ತು 31ರಷ್ಟು ಇಳಿಸಿತು. 2023ರಲ್ಲಿ ಅಮೆರಿಕದಲ್ಲಿ ಹೃದಯಕ್ಕೆ ಅಂತಲೇ ಅನುಮತಿಯೂ ಸಿಕ್ಕಿತು. ಆದರೆ 2024ರಲ್ಲಿ ಬಂದ ಇನ್ನೂ ದೊಡ್ಡದೊಂದು ಅಧ್ಯಯನದಲ್ಲಿ, ಹಾರ್ಟ್ ಅಟ್ಯಾಕ್ ಆದ ತಕ್ಷಣ ಶುರುಮಾಡಿದ 7,000 ಚಿಲ್ಲರೆ ಜನರಲ್ಲಿ, ಸಿಆರ್‌ಪಿ ಇಳಿಯಿತು, ಘಟನೆಗಳು ಇಳಿಯಲಿಲ್ಲ. ಇದಲ್ಲದೆ ಇನ್ನೊಂದು ಸೂಕ್ಷ್ಮ ಇದೆ. ಈ ಅಧ್ಯಯನಗಳು ಸಿಆರ್‌ಪಿ ನೋಡಿ ಜನರನ್ನು ಆರಿಸಲಿಲ್ಲ. ಹಾಗಾಗಿ "ಸಿಆರ್‌ಪಿ 2 ದಾಟಿದೆ, ಕೋಲ್ಚಿಸಿನ್ ಹಾಕು" ಅನ್ನುವ ಸೂತ್ರವನ್ನು ಯಾರೂ ಪರೀಕ್ಷೆ ಮಾಡಿ ತೋರಿಸಿಲ್ಲ. ಕಿಡ್ನಿ ಕೆಟ್ಟವರಿಗೆ ಕೊಡುವ ಹಾಗಿಲ್ಲ. ಕ್ಲಾರಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ಜೊತೆ ಸೇರಿದರೆ ರಕ್ತದಲ್ಲಿ ವಿಷದ ಮಟ್ಟಕ್ಕೆ ಏರಬಹುದು. ರಾಯರ ಕಿಡ್ನಿ ಚೆನ್ನಾಗಿತ್ತು, ಕೊಡಬಹುದಿತ್ತು. ಇದನ್ನೆಲ್ಲ ಅವರ ಮುಂದೆ ಇಟ್ಟೆ. "ಮೊದಲು ಬಾಯಿ, ಹೊಟ್ಟೆ ಸರಿ ಮಾಡಿಕೊಳ್ತೀನಿ, ಆಮೇಲೆ ನೋಡೋಣ" ಅಂದರು. ನನಗೂ ಅದೇ ಸರಿ ಅನ್ನಿಸಿತು. ಬೇರೆ ವೈದ್ಯರು ಅವತ್ತೇ ಶುರು ಮಾಡಿದ್ದರೆ ಅವರನ್ನು ತಪ್ಪು ಅನ್ನುವುದಿಲ್ಲ.

ವಸಡಿನ ಚಿಕಿತ್ಸೆಗೆ ಮೂರು ಸಲ ಹೋದರು. ಹೊಗೆಸೊಪ್ಪು ಬಿಡಲು ಎರಡು ತಿಂಗಳು ಒದ್ದಾಡಿದರು. ಸಕ್ಕರೆಯ ಮಾತ್ರೆ ಬದಲಾಯಿಸಿದೆವು. ಎಂಟು ತಿಂಗಳಲ್ಲಿ ಆರು ಕಿಲೋ ಇಳಿದರು. ಮೊನ್ನೆಯ ಎಚ್‌ಎಸ್-ಸಿಆರ್‌ಪಿ 2.1. ಗೆರೆಯ ಮೇಲೇ ಕೂತಿದೆ. ಇದರಲ್ಲಿ ಎಷ್ಟು ವಸಡಿನದ್ದು, ಎಷ್ಟು ಸೊಂಟದ್ದು, ಎಷ್ಟು ಸ್ಟಾಟಿನ್‌ನದ್ದು ಅಂತ ನಾನು ಬೇರ್ಪಡಿಸಿ ಹೇಳಲಾರೆ. ವಸಡು ಸರಿಪಡಿಸಿದರೆ ಸಿಆರ್‌ಪಿ ಸ್ವಲ್ಪ ಇಳಿಯುತ್ತದೆ, ಆದರೆ ಅದರಿಂದ ಹಾರ್ಟ್ ಅಟ್ಯಾಕ್ ತಪ್ಪುತ್ತದೆ ಅಂತ ದೊಡ್ಡ ಅಧ್ಯಯನ ತೋರಿಸಿಲ್ಲ. ತಂಬಾಕು ಬಿಟ್ಟದ್ದಕ್ಕೆ ಮಾತ್ರ ಯಾವ ಅಂಕಿಯ ಸಾಕ್ಷಿಯೂ ಬೇಡ.

ಪ್ರಶ್ನೆಗಳು ಕೆಲವು ಬಂದವು. ಒಬ್ಬರು, ಎಲ್‌ಡಿಎಲ್ 165 ಇದೆ, ಸಿಆರ್‌ಪಿ 0.6 ಇದೆ, ಸ್ಟಾಟಿನ್ ಬೇಡ ಅಲ್ವಾ ಅಂದರು. ಹಾಗಲ್ಲ. ನಾಯಿ ಮಲಗಿದೆ ಅಂತ ಬಾಗಿಲು ತೆರೆದಿಡುತ್ತೀರಾ? ಎಲ್‌ಡಿಎಲ್‌ಗೆ ಅದರದ್ದೇ ಲೆಕ್ಕ ಇದೆ. ಎದೆನೋವು ಬಂದಾಗ ಇದನ್ನು ಮಾಡಿಸಬಹುದಾ ಅಂತ ಇನ್ನೊಬ್ಬರು. ಬೇಡವೇ ಬೇಡ. ಆಗ ಬೇಕಾದ್ದು ಇಸಿಜಿ ಮತ್ತು ಹೃದಯದ ಮಾಂಸಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ, ಅದೂ ತಕ್ಷಣ.

ಹಿಂದಿನ ಸಾಲಿನಿಂದ ಒಬ್ಬ ಅಮ್ಮ, "ಅರಿಶಿಣದ ಕಷಾಯ ಕುಡಿದರೆ ಇಳಿಯುತ್ತಾ ಡಾಕ್ಟ್ರೇ?" ಅಂದರು. ಈ ಪ್ರಶ್ನೆ ಬರದ ಸಭೆ ನಾನು ನೋಡಿಲ್ಲ. ಅರಿಶಿಣದ ಸಾರ ಸಿಆರ್‌ಪಿಯನ್ನು ಸ್ವಲ್ಪ ಇಳಿಸುತ್ತದೆ ಅಂತ ಸಣ್ಣ ಅಧ್ಯಯನಗಳಿವೆ. ಹಾರ್ಟ್ ಅಟ್ಯಾಕ್ ಕಡಿಮೆ ಮಾಡಿದ್ದನ್ನು ಯಾವುದೂ ತೋರಿಸಿಲ್ಲ. ಸಾರಿಗೆ ಹಾಕುವ ಅರಿಶಿಣ ಹಾಕಿಕೊಳ್ಳಿ, ಯಾರು ಬೇಡ ಅಂದರು? ಆದರೆ ಮೆಣಸಿನ ಸಾರ ಸೇರಿಸಿದ ಅರಿಶಿಣದ ಕ್ಯಾಪ್ಸೂಲ್ ನುಂಗಿ ಲಿವರ್ ಕೆಡಿಸಿಕೊಂಡವರ ವರದಿಗಳಿವೆ, ಅದರ ತಂಟೆ ಬೇಡ.

ಸಭೆ ಮುಗಿದು ಕಾಫಿ ಕುಡಿಯುವಾಗ ಒಬ್ಬ ಹಿರಿಯರು ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ರಿಪೋರ್ಟ್ ತೆಗೆದರು. 0.38. ನಾನು ಬಾಯಿ ತೆಗೆಯುವ ಮೊದಲೇ ಕನ್ನಡಕ ಏರಿಸಿ, ಅಂಕಿಯ ಪಕ್ಕದ ಅಕ್ಷರದ ಮೇಲೆ ಬೆರಳಿಟ್ಟರು. "dL ಅಂತ ಇದೆ. ಅಂದರೆ 3.8 ಅಲ್ವಾ?" ಹೌದು ಅಂದೆ. "ಸ್ಟೆಂಟ್ ಆಗಿ ಐದು ವರ್ಷ. ಆದರೆ ಇದು ಮಾಡಿಸಿದ ವಾರವೇ ಮೊಮ್ಮಗನ ನೆಗಡಿ ನನಗೂ ಅಂಟಿತ್ತು" ಅಂದರು. ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, "ಮೂರು ವಾರ ಬಿಟ್ಟು ಬರ್ತೀನಿ ಬಿಡಿ" ಅಂದು ಕಾಫಿ ಲೋಟ ಎತ್ತಿಕೊಂಡರು.